ಗಾಡಿ ತಡವಾದಾಗ ಡ್ರೈವರ್‌ಗೂ ಪಾರ್ಟಿಗೂ ಮೆಸೇಜ್ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

“ಸರ್ ಗಾಡಿ ಲೇಟ್. ಹಿರಿಯೂರು ಹತ್ರ ಸ್ವಲ್ಪ ಪ್ರಾಬ್ಲಂ. ನೋಡ್ತೀನಿ.”

ರಾತ್ರಿ ಒಂದೂವರೆಗೆ ನಮ್ಮ ಬುಕಿಂಗ್ ಆಫೀಸಿಂದ ಹೋದ ಮೆಸೇಜ್ ಇದು. ಬರೆದ ಹುಡುಗ ಕೆಲಸಕ್ಕೆ ಹೊಸಬ, ಆದರೆ ಸೋಮಾರಿ ಅಲ್ಲ. ಸುದ್ದಿ ಬಂದ ಕೂಡಲೇ ಪಾರ್ಟಿಗೆ, ಅಂದರೆ ಮಾಲು ತರಿಸಿಕೊಳ್ಳುವ ಅಂಗಡಿಯವರಿಗೆ, ತಿಳಿಸಿದ. ಬೆಳಿಗ್ಗೆ ಐದಕ್ಕೆ ಪಾರ್ಟಿ ಎದ್ದು ನೋಡಿದವರು ಒಂದಾದ ಮೇಲೊಂದು ಪ್ರಶ್ನೆ ಕಳಿಸಿದರು. ಯಾವ ಗಾಡಿ? ಎಷ್ಟು ಲೇಟ್? ಮಾಲಿಗೆ ಏನಾದ್ರೂ ಆಯ್ತಾ? ಹಮಾಲರಿಗೆ ಏನು ಹೇಳಲಿ? ಹುಡುಗ ಅಷ್ಟೊತ್ತಿಗೆ ಮಲಗಿದ್ದ. ಆರು ಗಂಟೆಗೆ ಯಶವಂತಪುರದಲ್ಲಿ ಹಮಾಲರು ಬಂದು ಖಾಲಿ ಕೈಯಲ್ಲಿ ನಿಂತರು. ಅವರ ಕೂಲಿಯ ಜಗಳ ಮೂರು ದಿನ ನಡೆಯಿತು.

ಇಂಥ ಮೆಸೇಜನ್ನು ಯಾರಿಗಾದರೂ ತಿದ್ದಿಕೊಡಿ ಎಂದರೆ “ಗೌರವಾನ್ವಿತ ಗ್ರಾಹಕರೇ, ಅನಿವಾರ್ಯ ಕಾರಣಗಳಿಂದ ಉಂಟಾದ ವಿಳಂಬಕ್ಕೆ ವಿಷಾದಿಸುತ್ತೇವೆ” ಎಂದು ಬರೆದುಕೊಡುತ್ತಾರೆ. ಅದರಲ್ಲೂ ಗಾಡಿ ಎಷ್ಟೊತ್ತಿಗೆ ಬರುತ್ತದೆ ಅಂತ ಇಲ್ಲವಲ್ಲ! ಭಾಷೆ ಒರಟಾಗಿತ್ತು ಅನ್ನುವುದು ಇಲ್ಲಿ ತೊಂದರೆಯೇ ಅಲ್ಲ. ಓದಿದವರು ಮುಂದೇನು ಮಾಡಬೇಕು ಅನ್ನುವುದು ಅದರಲ್ಲಿ ಇರಲಿಲ್ಲ. ಅದೇ ಗಾಡಿ, ಅದೇ ರಾತ್ರಿಯನ್ನು ಇಟ್ಟುಕೊಂಡು ಮೆಸೇಜನ್ನು ಮೊದಲಿಂದ ಬರೆಯೋಣ.

## ಆವತ್ತಿನ ಗಾಡಿ

ದಾವಣಗೆರೆಯ ರೈಸ್ ಮಿಲ್ಲಿನಿಂದ 25 ಕೆಜಿಯ 640 ಚೀಲ ಅಕ್ಕಿ, ಅಂದರೆ 16 ಟನ್. ಹತ್ತು ಚಕ್ರದ ಲಾರಿ. ಬೆಂಗಳೂರಿನ ಯಶವಂತಪುರ ಎಪಿಎಂಸಿ ಯಾರ್ಡಿನ ಅಂಗಡಿಗೆ ಹೋಗಬೇಕು. ಮಂಗಳವಾರ 13ನೇ ತಾರೀಖು ರಾತ್ರಿ ಹತ್ತಕ್ಕೆ ಹೊರಟಿತು. ದೂರ ಸುಮಾರು 260 ಕಿಲೋಮೀಟರ್. ಬುಧವಾರ ಬೆಳಿಗ್ಗೆ ಆರಕ್ಕೆ ಅಂಗಡಿ ಮುಂದೆ ಇರುತ್ತದೆ ಎಂದು ಪಾರ್ಟಿಗೆ ಮಾತು ಕೊಟ್ಟಿತ್ತು.

ರಾತ್ರಿ 1:10ಕ್ಕೆ ಡ್ರೈವರ್‌ನ ಮೆಸೇಜ್: “ಏರ್ ಲೀಕ್. ಗಾಡಿ ನಿಂತಿದೆ. ಮೆಕ್ಯಾನಿಕ್ ಬೆಳಗ್ಗೆ ಬರ್ತಾನಂತೆ.”

## ಬರೆಯುವ ಮುಂಚೆ ಕೈಯಲ್ಲಿ ಇರಬೇಕಾದ್ದು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಎಲ್‌ಆರ್ ಅಂದರೆ ಲಾರಿ ರಸೀದಿಯ ಪುಸ್ತಕ ಅಥವಾ ಅದರ ಫೋಟೋ, ಇ-ವೇ ಬಿಲ್ ಪ್ರತಿ, ಫಾಸ್ಟ್ಯಾಗ್ ಮೆಸೇಜ್ ಬರುವ ಫೋನ್ ಮತ್ತು ಒಂದು ನೋಟ್‌ಬುಕ್ ಸಾಕು. ನೋಟ್‌ಬುಕ್ಕಿನಲ್ಲಿ ಪ್ರತಿ ಗಾಡಿಗೂ ಒಂದು ಸಾಲು. ಯಾರಿಗೆ ಎಷ್ಟೊತ್ತಿಗೆ ಏನು ಹೇಳಿದಿರಿ, ಮುಂದಿನ ಸುದ್ದಿ ಎಷ್ಟೊತ್ತಿಗೆ ಕೊಡುತ್ತೀರಿ ಅಂತ ಅದರಲ್ಲಿ ಬರೆಯಿರಿ. ಫೋನಿನಲ್ಲಿ ಎಲ್ಲಾ ಇರುತ್ತಲ್ಲ ಅನ್ನಬಹುದು. ಪಾಳಿ ಬದಲಾಗುವಾಗ ನಿಮ್ಮ ಫೋನ್ ನಿಮ್ಮ ಜೊತೆ ಮನೆಗೆ ಹೋಗುತ್ತದೆ, ನೋಟ್‌ಬುಕ್ ಮೇಜಿನ ಮೇಲೆ ಉಳಿಯುತ್ತದೆ.

## ಹಂತ 1: ಡ್ರೈವರ್‌ಗೆ ಫೋನ್ ಮಾಡಿ

ಡ್ರೈವರ್‌ನ ಮೆಸೇಜನ್ನು ಹಾಗೇ ಪಾರ್ಟಿಗೆ ಫಾರ್ವರ್ಡ್ ಮಾಡಬೇಡಿ. ಅವರು ಕತ್ತಲಲ್ಲಿ, ರಸ್ತೆ ಬದಿ ನಿಂತು ಟೈಪ್ ಮಾಡಿರುತ್ತಾರೆ. ಅವರಿಗೆ ಗೊತ್ತಿರುವುದರಲ್ಲಿ ಕಾಲು ಭಾಗವೂ ಅದರಲ್ಲಿ ಇರುವುದಿಲ್ಲ.

ಫೋನ್ ಎತ್ತಿದ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ, “ಅಣ್ಣಾ, ನೀವು ಹುಷಾರಾಗಿದೀರಾ? ಗಾಡಿ ರೋಡಿಂದ ಕೆಳಗೆ ಇಳಿದಿದೆಯಾ?” ಇದು ಬರೀ ಉಪಚಾರದ ಮಾತಲ್ಲ. ಏರ್ ಬ್ರೇಕಿನ ಲಾರಿಯಲ್ಲಿ ಏರ್ ಪೂರ್ತಿ ಇಳಿದರೆ ಪಾರ್ಕಿಂಗ್ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಗಾಡಿಯನ್ನು ಒಂದು ಅಡಿ ಸರಿಸುವುದೂ ಕಷ್ಟ. ಲೇನ್ ಮೇಲೇ ನಿಂತಿದ್ದರೆ ಪಾರ್ಟಿಗೆ ಮೆಸೇಜ್ ಆಮೇಲೆ. ಮೊದಲು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಹೋಗಬೇಕು. ಹಿಂದೆ ತ್ರಿಕೋನದ ರಿಫ್ಲೆಕ್ಟರ್ ಇಡಿಸಬೇಕು.

ಗಾಡಿ ಸುರಕ್ಷಿತವಾಗಿದ್ದರೆ ಇನ್ನು ನಾಲ್ಕು ವಿಷಯ ಕೇಳಿ. ಎಲ್ಲಿದೆ, ಏನು ಕೆಟ್ಟಿದೆ, ರಿಪೇರಿ ಯಾರು ಯಾವಾಗ ಮಾಡುತ್ತಾರೆ, ಮಾಲಿನ ಸ್ಥಿತಿ ಏನು.

“ಬೆಳಗ್ಗೆ ಬರ್ತಾನಂತೆ” ಎಂಬ ಮಾತಿಗೆ ತೃಪ್ತಿಪಡಬೇಡಿ. “ಅಂತೆ” ಅಂದರೆ ಇನ್ನೊಬ್ಬರು ಹೇಳಿದ್ದು. ಮೆಕ್ಯಾನಿಕ್ ನಂಬರ್ ತಗೊಂಡು ನೀವೇ ಮಾತಾಡಿ. ಆವತ್ತು ನಾನೇ ಆಮೇಲೆ ಮಾತಾಡಿದಾಗ ಗೊತ್ತಾಗಿದ್ದು ಇಷ್ಟು: ಒಡೆದದ್ದು ಏರ್ ಪೈಪ್, ಮೆಕ್ಯಾನಿಕ್ ಇರುವುದು ಹಿರಿಯೂರಿನಲ್ಲೇ, ಆದರೆ ಆ ಅಳತೆಯ ಪೈಪ್ ಅವನ ಹತ್ತಿರ ಇಲ್ಲ. ಬೆಳಿಗ್ಗೆ ಆರಕ್ಕೆ ಪೈಪ್ ಸಮೇತ ಬರುತ್ತಾನೆ, ಕೆಲಸ ಒಂದು ಗಂಟೆಯದು. ಈಗ ನಮ್ಮ ಹತ್ತಿರ “ಬೆಳಗ್ಗೆ” ಬದಲು ಒಂದು ಸಮಯ ಇದೆ. ಮೆಸೇಜಿಗೆ ಬೇಕಾದ್ದು ಅದು.

ಡ್ರೈವರ್ ಗಾಡಿ ಓಡಿಸುತ್ತಿದ್ದಾರೆ ಅನ್ನಿಸಿದರೆ ಮಾತು ಬೆಳೆಸಬೇಡಿ. “ನಿಲ್ಸಿ, ಆಮೇಲೆ ಮಾಡಿ” ಎಂದು ಇಟ್ಟುಬಿಡಿ.

## ಹಂತ 2: ಜಾಗ ತಾಳೆ ನೋಡಿ

ಡ್ರೈವರ್ ಸುಳ್ಳು ಹೇಳುತ್ತಾರೆ ಅಂತಲ್ಲ. ನಿದ್ದೆಗಣ್ಣಲ್ಲಿ “ಹಿರಿಯೂರು ಹತ್ರ” ಅಂದದ್ದು ಹಿರಿಯೂರಿಗೆ ಇಪ್ಪತ್ತು ಕಿಲೋಮೀಟರ್ ಹಿಂದೆಯೂ ಇರಬಹುದು, ಮುಂದೆಯೂ ಇರಬಹುದು.

ಜಿಪಿಎಸ್ ಇದ್ದರೆ ಸರಿ. ಇಲ್ಲದಿದ್ದರೆ ಫಾಸ್ಟ್ಯಾಗ್ ಮೆಸೇಜ್ ಇದೆಯಲ್ಲ. ಟೋಲ್ ದಾಟಿದಾಗ ದುಡ್ಡು ಕಟ್ ಆದ ಮೆಸೇಜಿನಲ್ಲಿ ಟೋಲಿನ ಹೆಸರು, ಸಮಯ ಎರಡೂ ಸಿಗುತ್ತವೆ. ದಾವಣಗೆರೆಯಿಂದ ಬೆಂಗಳೂರಿನ ಕಡೆ ಹೋಗುವ ಗಾಡಿಗೆ ಮೊದಲು ಹೆಬ್ಬಾಳು ಟೋಲ್, ಚಿತ್ರದುರ್ಗ ದಾಟಿದ ಮೇಲೆ ಗುಯಿಲಾಳು, ಶಿರಾ ಕಡೆ ಕರ್ಜೀವನಹಳ್ಳಿ. ಆವತ್ತು ಗುಯಿಲಾಳಿನ ಮೆಸೇಜ್ ಬಂದಿತ್ತು, ಕರ್ಜೀವನಹಳ್ಳಿಯದು ಬಂದಿರಲಿಲ್ಲ. ಅಂದರೆ ಗಾಡಿ ಇರುವುದು ಆ ಎರಡರ ನಡುವೆ. ಡ್ರೈವರ್ ಮಾತಿಗೆ ಇದು ಸರಿ ಕೂರುತ್ತದೆ. ಫಾಸ್ಟ್ಯಾಗ್ ಮೆಸೇಜ್ ಒಮ್ಮೊಮ್ಮೆ ತಡವಾಗಿ ಬರುತ್ತದೆ. ಹಾಗಾಗಿ ಮೆಸೇಜ್ ಬಂದ ಸಮಯ ನೋಡಬೇಡಿ, ಅದರೊಳಗೆ ಬರೆದಿರುವ ಸಮಯ ನೋಡಿ.

## ಹಂತ 3: ಹೊಸ ಸಮಯ ಲೆಕ್ಕ ಹಾಕಿ

ಜನ ಎಡವುವುದು ಹೆಚ್ಚಾಗಿ ಇಲ್ಲೇ. “ಗಾಡಿ ಆರು ಗಂಟೆ ನಿಂತಿತು, ಹಾಗಾದರೆ ಆರು ಗಂಟೆ ಲೇಟ್” ಎಂದು ಕೂಡಿಸಿ ಕಳಿಸುತ್ತಾರೆ. ತಡ ಹಾಗೆ ಸರಳವಾಗಿ ಕೂಡುವುದಿಲ್ಲ.

ತುಂಬಿದ ಲಾರಿಗೆ ಈ ಹೆದ್ದಾರಿಯಲ್ಲಿ ನಾನು ಹಿಡಿಯುವ ಲೆಕ್ಕ ಗಂಟೆಗೆ 38 ಕಿಲೋಮೀಟರ್. ಮೀಟರಿನಲ್ಲಿ ಗಾಡಿ 60ರಲ್ಲಿ ಓಡುತ್ತಿರಬಹುದು. ಆದರೆ ಟೋಲು, ಚಹಾ, ಒಂದು ಸಲ ಟೈರ್ ನೋಡಲು ಇಳಿಯುವುದು ಎಲ್ಲಾ ಸೇರಿದರೆ ಸರಾಸರಿ ಅಷ್ಟಕ್ಕೇ ಇಳಿಯುತ್ತದೆ. ನಿಮ್ಮ ಗಾಡಿಗಳ ಸರಾಸರಿ ಬೇರೆ ಇರಬಹುದು. ಹಳೆಯ ನಾಲ್ಕೈದು ಟ್ರಿಪ್ಪಿನ ಫಾಸ್ಟ್ಯಾಗ್ ಸಮಯ ತೆಗೆದು ಲೆಕ್ಕ ಹಾಕಿಕೊಳ್ಳಿ. ಗೂಗಲ್ ಮ್ಯಾಪ್ ತೋರಿಸುವ ಸಮಯವನ್ನು ಲಾರಿಗೆ ಹಿಡಿಯಬೇಡಿ. ಅದು ಕಾರಿನ ಲೆಕ್ಕ.

ಹಿರಿಯೂರಿನಿಂದ ಯಶವಂತಪುರಕ್ಕೆ ಸುಮಾರು 160 ಕಿಲೋಮೀಟರ್. 38ರಲ್ಲಿ ಭಾಗಿಸಿದರೆ ನಾಲ್ಕೂಕಾಲು ಗಂಟೆ. ಮೆಕ್ಯಾನಿಕ್ ಆರಕ್ಕೆ ಬಂದು, ಏಳಕ್ಕೆ ಮುಗಿಸಿ, ಏರ್ ತುಂಬಿ, ಬ್ರೇಕ್ ನೋಡಿ ಹೊರಡುವಾಗ 7:15. ಅದಕ್ಕೆ ನಾಲ್ಕೂಕಾಲು ಕೂಡಿಸಿದರೆ 11:30. ಊರೊಳಗಿನ ರಸ್ತೆಗೆ ಅರ್ಧ ಗಂಟೆ ಇಟ್ಟುಕೊಂಡರೆ ಮಧ್ಯಾಹ್ನ 12.

ಈಗ ಒಂದು ಬೇರೆ ಪ್ರಶ್ನೆ. ರಾತ್ರಿಯೇ ಹೇಗೋ ಪೈಪ್ ಸಿಕ್ಕಿ, 4 ಗಂಟೆಗೆ ಗಾಡಿ ಹೊರಟಿದ್ದರೆ? ಒಂಬತ್ತರ ಹೊತ್ತಿಗೆ ಬರುತ್ತೆ ಅನ್ನಿಸುತ್ತದೆ ಅಲ್ವಾ? ಬರುವುದಿಲ್ಲ. ನೆಲಮಂಗಲ ತಲುಪುವಾಗಲೇ ಏಳೂವರೆ, ಎಂಟಾಗುತ್ತದೆ. ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ ಬೆಂಗಳೂರೊಳಗೆ ಭಾರೀ ಲಾರಿಗಳಿಗೆ ಪ್ರವೇಶ ಇಲ್ಲ. ಅದು ಬಿಡುವ ತನಕ ಹೊರಗೇ ನಿಲ್ಲಬೇಕು. ಈ ನಿರ್ಬಂಧದ ಗಂಟೆಗಳನ್ನು ಪೊಲೀಸರು ಆಗಾಗ ಬದಲಿಸುತ್ತಾರೆ, ಆವತ್ತಿನ ನಮ್ಮ ಲೆಕ್ಕ 11ರ ನಂತರ. ಅಂದರೆ ನಾಲ್ಕಕ್ಕೆ ಹೊರಟರೂ ಏಳೂಕಾಲಿಗೆ ಹೊರಟರೂ ಅಂಗಡಿ ಮುಂದೆ ಗಾಡಿ ನಿಲ್ಲುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಮಧ್ಯಾಹ್ನ ಹನ್ನೆರಡರ ಆಸುಪಾಸು. ಇದು ಗೊತ್ತಿದ್ದರೆ ರಾತ್ರಿ ಒಂದೂವರೆಗೇ ಧೈರ್ಯವಾಗಿ ಸಮಯ ಹೇಳಬಹುದು. ಮೆಕ್ಯಾನಿಕ್ ಬರಲಿ, ಆಮೇಲೆ ಹೇಳೋಣ ಎಂದು ಕಾಯಬೇಕಾಗಿಲ್ಲ.

ಪಾರ್ಟಿಗೆ ಒಂದೇ ಗಂಟೆ ಹೇಳಬೇಡಿ, “12ರಿಂದ 1ರ ಒಳಗೆ” ಎಂದು ಹೇಳಿ. ಒಂದು ಗಂಟೆಯ ಅಂತರ ಹಮಾಲರನ್ನು ಕರೆಸಲು ಅವರಿಗೆ ಸಾಕಾಗುತ್ತದೆ. “12ರಿಂದ 5” ಅಂದರೆ ಹೇಳದೇ ಇದ್ದ ಹಾಗೇ.

ಇದೇ ಹಂತದಲ್ಲಿ ಇ-ವೇ ಬಿಲ್ ಮೇಲೂ ಕಣ್ಣಾಡಿಸಿ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಉಳಿಕೆ ದೂರಕ್ಕೆ ಇನ್ನೊಂದು ದಿನ. ಹಾಗಾಗಿ 260 ಕಿಲೋಮೀಟರಿಗೆ ಎರಡು ದಿನ. ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ ಮೊದಲ ದಿನ ಮುಗಿಯುತ್ತದೆ. 13ರಂದು ಮಾಡಿದ ನಮ್ಮ ಬಿಲ್ 15ರ ಮಧ್ಯರಾತ್ರಿವರೆಗೆ ನಡೆಯುತ್ತದೆ, ಚಿಂತೆ ಇಲ್ಲ. ಮುಗಿಯುವ ಹಾಗಿದ್ದರೆ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆ ಒಳಗೆ ಪೋರ್ಟಲ್‌ನಲ್ಲಿ ವಿಸ್ತರಿಸಬೇಕು. ಮಾಲನ್ನು ಬೇರೆ ಲಾರಿಗೆ ಬದಲಾಯಿಸಿದರೆ ಪಾರ್ಟ್-ಬಿಯಲ್ಲಿ ಹೊಸ ಗಾಡಿ ನಂಬರ್ ಹಾಕದೆ ಆ ಗಾಡಿ ಹೊರಡಬಾರದು.

## ಹಂತ 4: ಪಾರ್ಟಿಗೆ ಮೆಸೇಜ್

ಈಗ ಬರೆಯಬಹುದು. ಓದುವವರ ತಲೆಯಲ್ಲಿ ಪ್ರಶ್ನೆಗಳು ಬರುವ ಕ್ರಮದಲ್ಲೇ ಬರೆಯಿರಿ. ಯಾವ ಮಾಲು, ಏನಾಯಿತು, ಯಾವಾಗ ಬರುತ್ತದೆ, ಮಾಲು ಹೇಗಿದೆ, ನಾನೇನು ಮಾಡಬೇಕು, ಮತ್ತೆ ಯಾವಾಗ ಹೇಳುತ್ತೀರಿ.

> ಎಲ್‌ಆರ್ 318, ಅಕ್ಕಿ 640 ಚೀಲ, ಯಶವಂತಪುರ.
> ಗಾಡಿ ಬುಧವಾರ (14ನೇ ತಾರೀಖು) ಬೆಳಿಗ್ಗೆ 6ಕ್ಕೆ ಬರುವುದಿಲ್ಲ. ಹೊಸ ಸಮಯ ಅದೇ ದಿನ ಮಧ್ಯಾಹ್ನ 12ರಿಂದ 1ರ ಒಳಗೆ.
> ಕಾರಣ: ಹಿರಿಯೂರು ಬಳಿ ಬ್ರೇಕಿನ ಏರ್ ಪೈಪ್ ಒಡೆದಿದೆ. ಬೆಳಿಗ್ಗೆ 6ಕ್ಕೆ ರಿಪೇರಿ ಶುರುವಾಗುತ್ತದೆ.
> ಮಾಲು ಸರಿಯಾಗಿದೆ. ತಾಡಪಾಲು ಕಟ್ಟಿದೆ, ಡ್ರೈವರ್ ಗಾಡಿಯಲ್ಲೇ ಇದ್ದಾರೆ.
> ಹಮಾಲರನ್ನು ದಯವಿಟ್ಟು 12ಕ್ಕೆ ಕರೆಸಿ.
> ಗಾಡಿ ಹೊರಟ ಸುದ್ದಿಯನ್ನು ಬೆಳಿಗ್ಗೆ 7:30ಕ್ಕೆ ತಿಳಿಸುತ್ತೇವೆ. ತೊಂದರೆಗೆ ಕ್ಷಮಿಸಿ.
> ಬುಕಿಂಗ್ ಆಫೀಸ್, ದಾವಣಗೆರೆ

ಮೊದಲ ಸಾಲಿನಲ್ಲಿ ನಮಸ್ಕಾರವೂ ಇಲ್ಲ, ಕ್ಷಮೆಯೂ ಇಲ್ಲ ಎಂದು ಹಿರಿಯರೊಬ್ಬರು ನನ್ನ ಮೇಲೆ ಬೇಸರ ಮಾಡಿಕೊಂಡಿದ್ದರು. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದು. ಲಾಕ್ ಆದ ಫೋನಿನ ಮೇಲೆ ಮೆಸೇಜಿನ ಒಂದೆರಡು ಸಾಲು ಮಾತ್ರ ಕಾಣುತ್ತವೆ. ಅಲ್ಲಿ “ನಮಸ್ಕಾರ ಸರ್, ತಮಗೆ ತಿಳಿಸುವುದೇನೆಂದರೆ” ಎಂದು ಕಂಡರೆ ಪಾರ್ಟಿ ಆಮೇಲೆ ನೋಡೋಣ ಅಂದುಕೊಳ್ಳುತ್ತಾರೆ. ಎಲ್‌ಆರ್ ನಂಬರ್ ಮತ್ತು “ಬರುವುದಿಲ್ಲ” ಕಂಡರೆ ಆ ಕ್ಷಣವೇ ತೆಗೆಯುತ್ತಾರೆ.

ಒಬ್ಬರದೇ ಮೂರು ಗಾಡಿ ದಾರಿಯಲ್ಲಿ ಇರಬಹುದು. ಹಾಗಾಗಿ “ನಿಮ್ಮ ಗಾಡಿ” ಅನ್ನುವುದು ಸಾಲದು, ಎಲ್‌ಆರ್ ನಂಬರ್ ಬೇಕೇ ಬೇಕು.

ಕಾರಣ ಒಂದೇ ಸಾಲಿನಲ್ಲಿರಲಿ ಮತ್ತು ನಿಜವಿರಲಿ. “ಟ್ರಾಫಿಕ್ ಜಾಮ್” ಎಂದು ಬರೆದು ತಪ್ಪಿಸಿಕೊಳ್ಳುವ ರೂಢಿ ಇದೆ. ರಾತ್ರಿ ಒಂದಕ್ಕೆ ಹಿರಿಯೂರಿನಲ್ಲಿ ಎಂಥಾ ಜಾಮ್? ಪಾರ್ಟಿ ಡ್ರೈವರ್‌ಗೇ ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಬಯಲಾಗುತ್ತದೆ. “ಡ್ರೈವರ್ ಸರಿಯಾಗಿ ನೋಡ್ಕೊಂಡಿಲ್ಲ” ಎಂದೂ ಬರೆಯಬೇಡಿ. ತಪ್ಪು ಯಾರದು ಅನ್ನುವುದು ಆಫೀಸಿನೊಳಗಿನ ಮಾತು.

“ಪಕ್ಕಾ”, “ಗ್ಯಾರಂಟಿ” ಎಂಬ ಮಾತು ಬಿಡಿ. “ಇನ್ನೇನ್ ಬಂದೇಬಿಡುತ್ತೆ” ಅನ್ನುವುದಂತೂ ಬೇಡವೇ ಬೇಡ.

ಈ ಮೆಸೇಜ್ ರಾತ್ರಿ ಒಂದೂವರೆಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಅದನ್ನು ಓದುವುದು ಐದಕ್ಕೆ. ಹಮಾಲರು ಆರಕ್ಕೆ ಬರುವವರಿದ್ದರೆ ಐದೂಕಾಲಿನ ಹೊತ್ತಿಗೆ ಓದಿದ್ದಾರಾ ನೋಡಿ. ಓದಿಲ್ಲವಾದರೆ ಫೋನ್ ಮಾಡಿ.

## ಹಂತ 5: ಡ್ರೈವರ್‌ಗೆ ಮೆಸೇಜ್

ನಮ್ಮ ಹುಡುಗ ಪಾರ್ಟಿಗೆ ಬರೆದ ಮೇಲೆ ಡ್ರೈವರ್‌ಗೆ ಬರೆದದ್ದು ಹೀಗಿತ್ತು: “ಬೇಗ ರೆಡಿ ಮಾಡ್ಸಿ ಹೊರಡು. ಪಾರ್ಟಿ ಬೈತಾರೆ.” ಪಾರ್ಟಿ ಆಗ ಇನ್ನೂ ನಿದ್ದೆಯಲ್ಲಿದ್ದರು, ಬೈದಿರಲಿಲ್ಲ. ಅದಿರಲಿ. ಈ ಮೆಸೇಜಿನಿಂದ ಡ್ರೈವರ್ ಏನು ಮಾಡಬೇಕು? ಪೈಪಿಗೆ ಟ್ಯೂಬು ಸುತ್ತಿ ಗಾಡಿ ಎಬ್ಬಿಸಿಕೊಂಡು ಹೋಗುವ ಆಸೆ ಹುಟ್ಟುತ್ತದೆ. ಹದಿನಾರು ಟನ್ ಹೊತ್ತ ಗಾಡಿಗೆ ಅರೆಬರೆ ಬ್ರೇಕ್. ತಡವಾದ ಸುದ್ದಿಯನ್ನು ಡ್ರೈವರ್‌ಗೆ ಹೇಳುವಾಗ ಅವಸರ ಹುಟ್ಟಿಸಬಾರದು, ಅವರ ತಲೆಯಿಂದ ಅವಸರವನ್ನು ತೆಗೆಯಬೇಕು.

> ಅಣ್ಣಾ, ಪಾರ್ಟಿಗೆ ಮಧ್ಯಾಹ್ನ 12–1 ಅಂತ ಹೇಳಿದೀವಿ. ಅವಸರ ಬೇಡ.
> 1. ಮೆಕ್ಯಾನಿಕ್ ಬೆಳಿಗ್ಗೆ 6ಕ್ಕೆ ಬರ್ತಾನೆ. ಅಲ್ಲಿವರೆಗೆ ಮಲ್ಕೊಳ್ಳಿ.
> 2. ಪೈಪ್ ಹೊಸದೇ ಹಾಕ್ಸಿ. ಬಿಲ್ ಫೋಟೋ ಕಳ್ಸಿ.
> 3. ಏರ್ ಫುಲ್ ಆಗಿ ಬ್ರೇಕ್ ನೋಡಿದ ಮೇಲೆ ಹೊರಡಿ. ಹೊರಡುವಾಗ ಒಂದು ಫೋನ್ ಮಾಡಿ.
> 4. ನೆಲಮಂಗಲದಲ್ಲಿ 11ರ ಮುಂಚೆ ಒಳಗೆ ಹೋಗ್ಬೇಡಿ.

ಪಾರ್ಟಿಗೆ ಬರೆದ ಕನ್ನಡವೂ ಇದೂ ಬೇರೆ ಬೇರೆ. ಡ್ರೈವರ್ ಜೊತೆ ನೀವು ದಿನಾ ಹೇಗೆ ಮಾತಾಡುತ್ತೀರೋ ಹಾಗೇ ಬರೆಯಿರಿ, ಗೌರವ ಮಾತ್ರ ಬಿಡಬೇಡಿ. “ಹೊರಡು” ಅಲ್ಲ, “ಹೊರಡಿ.” ಒಂದು ಸಾಲಿಗೆ ಒಂದು ಕೆಲಸ. ಮೊದಲ ಸಾಲಿನಲ್ಲೇ ಪಾರ್ಟಿಗೆ ಹೇಳಿರುವ ಸಮಯ ಬರಲಿ. ಇಲ್ಲದಿದ್ದರೆ ಪಾರ್ಟಿ ನೇರವಾಗಿ ಡ್ರೈವರ್‌ಗೆ ಫೋನ್ ಮಾಡಿದಾಗ ಅವರು “ಒಂಬತ್ತಕ್ಕೆ ಬಂದ್ಬಿಡ್ತೀನಿ” ಅಂದುಬಿಡುತ್ತಾರೆ. ಆಮೇಲೆ ನಿಮ್ಮ ಮೆಸೇಜಿಗೆ ಬೆಲೆ ಇರುವುದಿಲ್ಲ.

ಕನ್ನಡ ಓದಲು ಬಾರದ ಡ್ರೈವರ್‌ಗಳೂ ಇರುತ್ತಾರೆ. ಅವರಿಗೆ ಇದನ್ನೇ ವಾಯ್ಸ್ ಮೆಸೇಜಿನಲ್ಲಿ ಹೇಳಿ. ನಾಲ್ಕು ವಿಷಯಕ್ಕೆ ನಾಲ್ಕು ಚಿಕ್ಕ ವಾಯ್ಸ್. ಮೂರು ನಿಮಿಷದ ಒಂದೇ ವಾಯ್ಸಿನಲ್ಲಿ ಬೇಕಾದ ಮಾತು ಹುಡುಕಲು ಯಾರಿಗೂ ಆಗುವುದಿಲ್ಲ.

## ಹಂತ 6: ಹೇಳಿದ ಹೊತ್ತಿಗೆ ಎರಡನೇ ಮೆಸೇಜ್

7:30ಕ್ಕೆ ತಿಳಿಸುತ್ತೇವೆ ಎಂದಿದ್ದೀರಿ. ಸುದ್ದಿ ಇರಲಿ ಬಿಡಲಿ, 7:30ಕ್ಕೆ ಮೆಸೇಜ್ ಹೋಗಬೇಕು. ಗಾಡಿ ಹೊರಟಿದ್ದರೆ ಕೆಲಸ ಸುಲಭ:

> ಎಲ್‌ಆರ್ 318: ರಿಪೇರಿ ಮುಗಿದು ಗಾಡಿ 7:20ಕ್ಕೆ ಹಿರಿಯೂರು ಬಿಟ್ಟಿದೆ. ಮಧ್ಯಾಹ್ನ 12–1 ಸಮಯದಲ್ಲಿ ಬದಲಾವಣೆ ಇಲ್ಲ. ತುಮಕೂರು ದಾಟಿದಾಗ ತಿಳಿಸುತ್ತೇವೆ.

ಹೊರಟಿಲ್ಲ ಅಂದರೆ ಕೈ ನಡುಗುತ್ತದೆ. ಇನ್ನೊಂದು ಅರ್ಧ ಗಂಟೆ ನೋಡಿ ಬರೆಯೋಣ ಅನ್ನಿಸುತ್ತದೆ. ಆ ಅರ್ಧ ಗಂಟೆಯಲ್ಲಿ ಪಾರ್ಟಿಯ ಫೋನ್ ಬರುತ್ತದೆ. ಕೇಳಿಸಿಕೊಂಡು ಹೇಳುವುದು ಬೇರೆ, ತಾನಾಗಿ ಹೇಳುವುದು ಬೇರೆ. ಹೀಗೆ ಬರೆಯಿರಿ:

> ಎಲ್‌ಆರ್ 318: ರಿಪೇರಿ ಇನ್ನೂ ನಡೆಯುತ್ತಿದೆ, ಗಾಡಿ ಹೊರಟಿಲ್ಲ. 12–1ಕ್ಕೆ ಬರುವುದು ಅನುಮಾನ. ಖಚಿತ ಸಮಯವನ್ನು 8:30ಕ್ಕೆ ತಿಳಿಸುತ್ತೇವೆ. ಅಲ್ಲಿವರೆಗೆ ಹಮಾಲರಿಗೆ ಸಮಯ ಹೇಳಬೇಡಿ.

ಸಮಯವನ್ನು ಒಂದು ಸಲ ಬದಲಿಸಿದರೆ ಪಾರ್ಟಿ ಸಹಿಸುತ್ತಾರೆ. ಅರ್ಧರ್ಧ ಗಂಟೆ ಸೇರಿಸುತ್ತಾ ನಾಲ್ಕು ಸಲ ಬದಲಿಸಿದರೆ ಒಟ್ಟು ತಡ ಅಷ್ಟೇ ಇದ್ದರೂ ಸಹಿಸುವುದಿಲ್ಲ. ಹಾಗಾಗಿ ಬದಲಿಸುವಾಗ ಒಂದೇ ಸಲ, ಸಾಕಷ್ಟು ದೊಡ್ಡದಾಗಿ ಬದಲಿಸಿ.

ಗಾಡಿ ಅಂಗಡಿ ಮುಂದೆ ನಿಂತ ಕೂಡಲೇ ಕೊನೆಯದೊಂದು ಮೆಸೇಜ್: “ಎಲ್‌ಆರ್ 318: ಗಾಡಿ 12:25ಕ್ಕೆ ತಲುಪಿದೆ.” ಇದನ್ನು ಸುಮಾರು ಜನ ಕಳಿಸುವುದೇ ಇಲ್ಲ, ಬಂದಾಯ್ತಲ್ಲ ಅಂತ. ಹಾಲ್ಟಿಂಗ್, ಅಂದರೆ ಗಾಡಿ ಕಾದು ನಿಂತದ್ದಕ್ಕೆ ಕೊಡುವ ದುಡ್ಡಿನ ಲೆಕ್ಕ, ಶುರುವಾಗುವುದು ಈ ಸಮಯದಿಂದ. ಮುಂದಿನ ಹಂತ ನೋಡಿ.

## ಹಂತ 7: ತಡ ಪಾರ್ಟಿ ಕಡೆಯಿಂದಾದರೆ

ಗಾಡಿ ತಲುಪಿದೆ, ಹಮಾಲರಿಲ್ಲ. ಅಥವಾ ಗೋಡೌನಿನಲ್ಲಿ ಜಾಗ ಇಲ್ಲ. ಇಲ್ಲಿ ಸಾಮಾನ್ಯವಾಗಿ ಹೋಗುವ ಮೆಸೇಜ್: “ಸರ್ ಗಾಡಿ ಸುಮ್ನೆ ನಿಂತಿದೆ, ಖಾಲಿ ಮಾಡ್ಸಿ.” ಸಿಟ್ಟು ಇದೆ, ವಿಷಯ ಇಲ್ಲ. ಬದಲಿಗೆ:

> ಎಲ್‌ಆರ್ 318: ಗಾಡಿ ಬುಧವಾರ 12:25ಕ್ಕೆ ತಲುಪಿದೆ. ಸಂಜೆ 5ರವರೆಗೆ ಖಾಲಿ ಮಾಡಲು ಶುರುವಾಗಿಲ್ಲ. ಬುಕಿಂಗ್ ಸಮಯದಲ್ಲಿ ಮಾತಾದಂತೆ ಸಂಜೆ 6ರ ನಂತರ ಹಾಲ್ಟಿಂಗ್ ಸೇರುತ್ತದೆ. ಖಾಲಿ ಮಾಡುವ ಸಮಯ ದಯವಿಟ್ಟು ತಿಳಿಸಿ.

ಹಾಲ್ಟಿಂಗ್ ಮಾತು ಬುಕಿಂಗ್ ದಿನವೇ ಆಗಿದ್ದರೆ ಮಾತ್ರ ಇದನ್ನು ಬರೆಯಿರಿ. ಇನ್ನೊಂದು ಮಾತು. ಬೆಳಿಗ್ಗೆ ನಾವೇ ಆರು ಗಂಟೆ ತಡ ಮಾಡಿ, ಮಧ್ಯಾಹ್ನ ಅವರ ನಾಲ್ಕು ಗಂಟೆಗೆ ಹಾಲ್ಟಿಂಗ್ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆವತ್ತು ನಾವು ಕೇಳಲಿಲ್ಲ. ಮೆಸೇಜ್ ಮಾತ್ರ ಸಮಯ ಸಮೇತ ಕಳಿಸಿಟ್ಟೆವು.

## ಪದೇ ಪದೇ ಆಗುವ ಎರಡು ತಪ್ಪು

ಮೊದಲನೆಯದು “ನಾಳೆ.” ರಾತ್ರಿ 11:50ಕ್ಕೆ ನೀವು “ಗಾಡಿ ನಾಳೆ ಬೆಳಿಗ್ಗೆ ಬರುತ್ತೆ” ಎಂದು ಬರೆಯುತ್ತೀರಿ. ಪಾರ್ಟಿ ಅದನ್ನು ಓದುವುದು ಬೆಳಿಗ್ಗೆ ಆರಕ್ಕೆ. ಅವರ ಲೆಕ್ಕದಲ್ಲಿ ನಾಳೆ ಅಂದರೆ ಇನ್ನೊಂದು ದಿನ. ರಾತ್ರಿ ಪಾಳಿಯಲ್ಲಿ ಇವತ್ತು, ನಾಳೆ, ಬೆಳಿಗ್ಗೆ ಎಂಬ ಪದಗಳನ್ನು ಒಂಟಿಯಾಗಿ ಬಳಸಲೇಬೇಡಿ. ವಾರ, ತಾರೀಖು, ಗಂಟೆ ಮೂರೂ ಇರಲಿ. “12 ಗಂಟೆ” ಅಂದಾಗ ಮಧ್ಯಾಹ್ನವೋ ರಾತ್ರಿಯೋ ಅಂತಲೂ ಬರೆಯಿರಿ.

ಎರಡನೆಯದು ಗುಂಪಿಗೆ ಹಾಕುವುದು. ಡ್ರೈವರ್‌ಗಳು, ಮಾಲೀಕರು, ಪಾರ್ಟಿಗಳು ಎಲ್ಲಾ ಇರುವ ಒಂದು ವಾಟ್ಸಾಪ್ ಗುಂಪಿನಲ್ಲಿ “ಹಿರಿಯೂರಲ್ಲಿ ಗಾಡಿ ನಿಂತಿದೆ” ಎಂದು ಹಾಕಿದರೆ ತಮ್ಮ ಗಾಡಿಯೇ ಎಂದು ಐದು ಜನ ಗಾಬರಿಯಾಗುತ್ತಾರೆ. ಸಂಬಂಧಪಟ್ಟವರು ಒಬ್ಬರು ನೋಡಿರುವುದಿಲ್ಲ.

## ವಾಟ್ಸಾಪ್ ಇಲ್ಲದವರಿಗೆ ಎಸ್ಸೆಮ್ಮೆಸ್

ಕೀಪ್ಯಾಡ್ ಫೋನ್ ಇಟ್ಟುಕೊಂಡ ಸಾಹುಕಾರರು ಇನ್ನೂ ಇದ್ದಾರೆ. ಹೆದ್ದಾರಿಯಲ್ಲಿ ನೆಟ್ ಸಿಗದ ಕಡೆ ಡ್ರೈವರ್‌ಗೂ ಎಸ್ಸೆಮ್ಮೆಸ್ಸೇ ಗತಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದೂ ನಮ್ಮ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕ ಅಲ್ಲ. “ಚಿತ್ರದುರ್ಗ” ನಮಗೆ ನಾಲ್ಕು ಅಕ್ಷರ. ಫೋನಿಗೆ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಸಿ ಹತ್ತು. ಹಾಗಾಗಿ ಹಂತ 4ರ ಮೆಸೇಜನ್ನು ಹಾಗೇ ಕಳಿಸಿದರೆ ಹಲವು ತುಂಡಾಗಿ ಲೆಕ್ಕ ಬೀಳುತ್ತದೆ. ಹಳೆಯ ಫೋನಿನಲ್ಲಿ ತುಂಡುಗಳು ಹಿಂದೆ ಮುಂದೆ ಬರುವುದೂ ಉಂಟು. ಒಂದೇ ತುಂಡಿನಲ್ಲಿ ಮುಗಿಸಬೇಕೆಂದರೆ ಹೀಗೆ:

> ಎಲ್‌ಆರ್ 318: 6ಕ್ಕಲ್ಲ, ಬುಧವಾರ ಮಧ್ಯಾಹ್ನ 12-1ಕ್ಕೆ ಗಾಡಿ. ಮಾಲು ಸರಿ ಇದೆ.

ಇದು ಎಪ್ಪತ್ತರ ಒಳಗೆ ಕೂರುತ್ತದೆ. ಕಾರಣವನ್ನು ಫೋನಿನಲ್ಲಿ ಹೇಳಿದರಾಯಿತು.

## ಮೆಸೇಜ್ ಬಿಟ್ಟು ಫೋನ್ ಎತ್ತಬೇಕಾದ ಗುರುತುಗಳು

ಡ್ರೈವರ್ ಎರಡು ಸಲ ಬೇರೆ ಬೇರೆ ಜಾಗ ಹೇಳಿದರೆ. ಫೋನ್ ಸ್ವಿಚ್ಡ್ ಆಫ್ ಬಂದು, ಬರಬೇಕಾದ ಮುಂದಿನ ಟೋಲಿನ ಮೆಸೇಜೂ ಒಂದು ಗಂಟೆ ಕಳೆದರೂ ಬರದಿದ್ದರೆ. ಮಳೆಯಲ್ಲಿ ತಾಡಪಾಲು ಹರಿದಿದೆ, ಚೀಲ ನೆನೆದಿದೆ ಎಂದರೆ. ಅಪಘಾತವಾಗಿದ್ದರೆ. ಇವುಗಳಲ್ಲಿ ಯಾವುದಾದರೂ ಒಂದಾದರೆ ಮೆಸೇಜ್ ಬರೆಯುತ್ತಾ ಕೂರಬೇಡಿ. ಮೊದಲು ಗಾಡಿ ಮಾಲೀಕರಿಗೆ, ಆಮೇಲೆ ಪಾರ್ಟಿಗೆ ಫೋನ್ ಮಾಡಿ. ನೆನೆದ ಚೀಲದ ಸುದ್ದಿಯನ್ನು ಬರಹದಲ್ಲಿ ಮೊದಲ ಸಲ ಓದಿದವರು ಅದರ ಕೆಳಗಿನ ಸಾಲು ಯಾವುದನ್ನೂ ಓದುವುದಿಲ್ಲ. ಮಾತಾಡಿ ಮುಗಿದ ಮೇಲೆ ಮಾತಾದದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ: ಎಷ್ಟು ಚೀಲ ನೆನೆದಿವೆ, ಫೋಟೋ ಯಾವಾಗ ಬರುತ್ತದೆ, ಮಾಲು ಇಳಿಸಿಕೊಳ್ಳುತ್ತಾರೋ ವಾಪಸ್ ಕಳಿಸುತ್ತಾರೋ.

ಆವತ್ತಿನ ಹುಡುಗ ಈಗ ರಾತ್ರಿ ಪಾಳಿಯನ್ನು ಒಬ್ಬನೇ ನೋಡಿಕೊಳ್ಳುತ್ತಾನೆ. ಮೊನ್ನೆ ಅವನ ನೋಟ್‌ಬುಕ್ ತೆಗೆದು ನೋಡಿದೆ. ಒಂದು ಸಾಲಿನಲ್ಲಿ “5:15 – ಓದಿಲ್ಲ. ಫೋನ್ ಮಾಡಿದೆ. ಬೈದರು. ಹಮಾಲರನ್ನು ನಿಲ್ಲಿಸಿದರು” ಎಂದು ಬರೆದಿದ್ದ.